ಅಟ್ಟದಲ್ಲಿ ಸಿಕ್ಕ ಬೀಡಿನ ಕಾವಲಿ, ಎನಾಮೆಲ್ ಮಗ್, ಮುಚ್ಚಳದ ಪಾತ್ರೆ: ಎಷ್ಟು ಹಳೇದು, ಯಾರಿಗೆ ಬೇಕು?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕು. ನಮ್ಮ ಮಾವನವರ ತಂದೆ ಒಬ್ಬ ಇಂಗ್ಲಿಷ್ ದೊರೆಯ ಕಾಫಿ ತೋಟದಲ್ಲಿ ರೈಟರ್ ಆಗಿದ್ದರಂತೆ. ಬಂಗಲೆ ಖಾಲಿ ಮಾಡುವಾಗ ಕೊಟ್ಟ ಸಾಮಾನು ಅಟ್ಟದಲ್ಲಿ ಸಿಕ್ಕಿದೆ. ಒಂದು ಚಪ್ಪಟೆ ಬೀಡಿನ ಕಾವಲಿ, ಮೇಲೆ ಬಕೀಟಿನ ಥರ ಬಳೆ ಹಿಡಿ, ಬೆನ್ನಿಗೆ '10' ಅಂತ ಇದೆ, ನಡುವೆ ಒರಟಾದ ಉದ್ದ ಗೆರೆ. ಮೂರು ಕಾಲಿನ ಮುಚ್ಚಳದ ಪಾತ್ರೆ, ಅದರ ಮೇಲೆ ಇಂಗ್ಲಿಷಿನಲ್ಲಿ 'ಕೆನ್ರಿಕ್', '6 ಪೈಂಟ್ಸ್'; ಒಳಗೆ ಬೆಳ್ಳಗೆ ಹೊಳಪು, ಅಲ್ಲಲ್ಲಿ ಕಪ್ಪು. ಬಿಳಿ ಎನಾಮೆಲ್ ಮಗ್ ಮೂರು: ಎರಡರ ತಳದಲ್ಲಿ 'ಮೇಡ್ ಇನ್ ಚೆಕೊಸ್ಲೊವಾಕಿಯಾ', '8', ಇನ್ನೊಂದರಲ್ಲಿ ಕಾಗೆ ಕಾಲಿನಂಥ ಮೂರು ಗೆರೆ, 'ಐ' ಅಕ್ಷರ, '1943'. ಗುಜರಿಯವನು ಕಿಲೋಗೆ 30 ರೂಪಾಯಿ ಅಂದ. ಬೆಂಗಳೂರಿಂದ ಬಂದವರೊಬ್ಬರು '150 ವರ್ಷದ್ದು, ಎಲ್ಲಾ ಸೇರಿ ಆರು ಸಾವಿರ ಕೊಡ್ತೀನಿ' ಅಂದರು. ನಮ್ಮ ಭಾವ 'ಒಲೆಗೆ ಹಾಕಿ ಸುಟ್ಟು, ಗ್ರೈಂಡರ್ ಹಿಡಿಸಿದ್ರೆ ಡಬಲ್ ರೇಟು' ಅಂತಾರೆ. ನಿಜಕ್ಕೂ ಎಷ್ಟು ಹಳೇದು? ಕೊಡೋದಾ, ಇಟ್ಕೊಳ್ಳೋದಾ? ಕಾವಲಿಯಲ್ಲಿ ಅಕ್ಕಿ ರೊಟ್ಟಿ ಮಾಡಬಹುದಾ?

ಉತ್ತರ: ಮೊದಲು ನಿಮ್ಮ ಭಾವನವರ ಕೈಯಿಂದ ಗ್ರೈಂಡರ್ ಇಸಿದುಕೊಳ್ಳಿ. ಉಳಿದದ್ದನ್ನು ನಿಧಾನಕ್ಕೆ ನೋಡಬಹುದು.

ಹಳೇ ಪಾತ್ರೆಯ ಮೇಲೆ ನೇರವಾಗಿ ಇಸವಿ ಸಿಗುವುದು ಅಪರೂಪ. ಸಾಮಾನ್ಯವಾಗಿ ಸಿಗುವುದು ಎರಡು ಗಡಿ. ಇದಕ್ಕಿಂತ ಮುಂಚೆ ಆಗಿರಲು ಸಾಧ್ಯವೇ ಇಲ್ಲ ಅನ್ನುವುದು ಒಂದು, ಇದಾದ ಮೇಲೆ ಆಗಿರುವುದು ಕಷ್ಟ ಅನ್ನುವುದು ಇನ್ನೊಂದು. ಈ ನಡುವಿನ ಅವಧಿಯನ್ನು ಎಷ್ಟು ಕಿರಿದು ಮಾಡಬಹುದೋ ಅಷ್ಟು ಮಾಡಿ ಅಲ್ಲಿಗೆ ನಿಲ್ಲಿಸಬೇಕು. '150 ವರ್ಷ' ಅಂತ ಗುಂಡು ಸಂಖ್ಯೆ ಹೇಳುವವರು ಬಹುಮಟ್ಟಿಗೆ ಪಾತ್ರೆಯ ಬೆನ್ನನ್ನು ತಿರುಗಿಸಿಯೇ ನೋಡಿರುವುದಿಲ್ಲ.

ನಿಮ್ಮ ಸಾಮಾನಿನಲ್ಲಿ ಸುಲಭವಾಗಿ ಬಾಯಿ ಬಿಡುವುದು ಮಗ್‌ಗಳೇ, ಅಲ್ಲಿಂದ ಶುರು ಮಾಡೋಣ. ಚೆಕೊಸ್ಲೊವಾಕಿಯಾ ಎಂಬ ದೇಶ ಹುಟ್ಟಿದ್ದು 1918ರ ಅಕ್ಟೋಬರ್ ಕೊನೆಯಲ್ಲಿ, ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾ ಸಾಮ್ರಾಜ್ಯ ಒಡೆದಾಗ. ಅದಕ್ಕೆ ಮುಂಚೆ ಅದೇ ಊರಿನ ಕಾರ್ಖಾನೆಯ ಮಾಲು 'ಆಸ್ಟ್ರಿಯಾ' ಹೆಸರಿನಲ್ಲಿ ಬರುತ್ತಿತ್ತು. ಹಾಗಾಗಿ ಈ ಎರಡು ಮಗ್‌ಗಳು 150 ವರ್ಷದವು ಆಗಲು ದಾರಿಯೇ ಇಲ್ಲ. 150 ವರ್ಷದ ಹಿಂದೆ ಆ ಹೆಸರಿನ ದೇಶವೇ ಇರಲಿಲ್ಲ. ಇನ್ನೊಂದು ತುದಿಯೂ ಸಿಗುತ್ತದೆ. 1939ರ ಮಾರ್ಚ್‌ನಲ್ಲಿ ಜರ್ಮನಿ ಆ ದೇಶವನ್ನು ನುಂಗಿತು, ಸ್ವಲ್ಪ ದಿನಕ್ಕೇ ಯುದ್ಧ, ಅಲ್ಲಿಂದ ಇಲ್ಲಿಗೆ ಪಾತ್ರೆ ಬರುವ ಮಾತೇ ನಿಂತುಹೋಯಿತು. ಯುದ್ಧದ ನಂತರ ಆ ಹೆಸರು ಮತ್ತೆ ಬಂದು 1992ರ ಕೊನೆಯವರೆಗೂ ಇತ್ತು ನಿಜ, ಆದರೆ ಆ ಹೊತ್ತಿಗೆ ಇಂಡಿಯಾದಲ್ಲಿ ಆಮದಿನ ಮೇಲೆ ಬಿಗಿ ಶುರುವಾಗಿತ್ತು, ನಮ್ಮಲ್ಲೇ ಎನಾಮೆಲ್ ಕಾರ್ಖಾನೆಗಳಿದ್ದವು. ದೊರೆ ಬಂಗಲೆಯಿಂದ ಬಂದದ್ದು ಅನ್ನುವ ಮನೆಯ ಮಾತನ್ನೂ ಸೇರಿಸಿಕೊಂಡರೆ 1919ರಿಂದ 1939ರ ಒಳಗಿನದು ಅನ್ನುವುದು ಗಟ್ಟಿ ಅಂದಾಜು.

ತಳದ '8' ಇಸವಿ ಅಲ್ಲ. ಬಾಯಿಯ ಅಗಲ ಸೆಂಟಿಮೀಟರ್‌ನಲ್ಲಿ. ಸ್ಕೇಲ್ ಇಟ್ಟು ನೋಡಿ, ಎಂಟರ ಆಸುಪಾಸಿಗೇ ಬರುತ್ತದೆ. ಇದನ್ನು '1908' ಅಂತ ಓದಿ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಹಾಗೆಯೇ ಎನಾಮೆಲ್ ಎಷ್ಟು ಚಕ್ಕೆ ಎದ್ದಿದೆ ಅನ್ನುವುದರಿಂದ ವಯಸ್ಸು ಗೊತ್ತಾಗುವುದಿಲ್ಲ. ಲೈನ್ ಮನೆಯಲ್ಲಿ ದಿನಾ ಸಿಮೆಂಟಿನ ಮೇಲೆ ಕುಕ್ಕಿದ ಮಗ್ ಎರಡು ವರ್ಷಕ್ಕೇ ಆ ಸ್ಥಿತಿಗೆ ಬರುತ್ತದೆ. ಶೋಕೇಸಿನಲ್ಲಿ ಕೂತದ್ದು ನೂರು ವರ್ಷವಾದರೂ ಹೊಸದಾಗಿ ಕಾಣುತ್ತದೆ. ನೋಡಬೇಕಾದ್ದು ಹಿಡಿ ಕೂರಿಸಿದ ರೀತಿ ಮತ್ತು ಪಕ್ಕದ ಬೆಸುಗೆ. ಮಗ್‌ನ ಮೈ ಒಂದೇ ತಗಡನ್ನು ಒತ್ತಿ ಎಳೆದು ಮಾಡಿದ್ದೋ, ಅಥವಾ ತಗಡು ಸುತ್ತಿ ಪಕ್ಕದಲ್ಲಿ ಜೋಡಿಸಿದ ಗೆರೆ ಎನಾಮೆಲ್ ಕೆಳಗೆ ಕಾಣುತ್ತದೋ? ಹಿಡಿಯ ಬುಡದಲ್ಲಿ ರಿವೆಟ್ ತಲೆ ಇದೆಯೋ, ನುಣ್ಣಗೆ ಬೆಸೆದಿದೆಯೋ? ಜೋಡಿಸಿದ ಗೆರೆ ಮತ್ತು ರಿವೆಟ್ ಹಳೇ ಪದ್ಧತಿ. ಅದು ಒಂದು ಸೂಚನೆ ಅಷ್ಟೇ, ಸಾಕ್ಷಿಯಲ್ಲ.

ಮೂರನೇ ಮಗ್ ಬೇರೆಯೇ ಜಾತಿ. ಆ ಮೂರು ಗೆರೆಯ ಬಾಣದ ಗುರುತು ಬ್ರಿಟಿಷ್ ಸರ್ಕಾರದ ಆಸ್ತಿಯ ಮುದ್ರೆ. ಅದರ ಜೊತೆ 'ಐ' ಇದ್ದರೆ ಇಂಡಿಯಾದ ಸೇನೆಗೆ ಸೇರಿದ್ದು. 1943 ಅನ್ನುವುದು ಇಲ್ಲಿ ನಿಜವಾದ ಇಸವಿಯೇ. ಯುದ್ಧ ಮುಗಿದ ಮೇಲೆ ಸೇನೆಯಲ್ಲಿ ಹೆಚ್ಚಾದ ಸಾಮಾನನ್ನೆಲ್ಲ 'ಡಿಸ್ಪೋಸಲ್' ಹೆಸರಿನಲ್ಲಿ ಮಾರಿದರು. ಕಂಬಳಿ, ನೀರಿನ ಬಾಟಲಿ, ಮಗ್ ಎಲ್ಲ ಊರೂರಿಗೆ ಬಂದವು. ತೋಟದ ಬಂಗಲೆಗೂ ಹಾಗೇ ಬಂದಿರಬಹುದು, ರೈಟರ್ ಅವರೇ ಸಂತೆಯಲ್ಲಿ ಕೊಂಡಿರಬಹುದು. ಅಲ್ಲಿಗೆ ಈ ಮಗ್‌ಗೆ ದೊರೆಯ ಕಥೆ ಕಟ್ಟಬೇಕಾಗಿಲ್ಲ, ಅದರ ಸ್ವಂತ ಕಥೆಯೇ ಅದರ ತಳದಲ್ಲಿದೆ.

ನಿಮ್ಮ ಐದು ಸಾಮಾನಿನಲ್ಲಿ ಎಲ್ಲಕ್ಕಿಂತ ಚಿಕ್ಕ ವಯಸ್ಸಿನದಾದ ಈ ಮಗ್‌ಗೇ ಸಂಗ್ರಾಹಕರ ಆಸಕ್ತಿ ಸುಲಭವಾಗಿ ಸಿಗುತ್ತದೆ. ಯುದ್ಧ ಕಾಲದ ಸಾಮಾನು ಸೇರಿಸುವವರು ಒಂದು ಪ್ರತ್ಯೇಕ ಗುಂಪು, ಅವರಿಗೆ ಬೇಕಾದದ್ದು ಮುದ್ರೆ ಮತ್ತು ಇಸವಿ. ಬೇಡಿಕೆ ಇರುವ ಕಡೆ ನಕಲಿಯೂ ಇರುತ್ತದೆ, ಆದ್ದರಿಂದ ಒಂದು ಪರೀಕ್ಷೆ ಮಾಡಿ. ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ಮುದ್ರೆ ನೋಡಿ. ತಗಡಿಗೆ ಮೊದಲು ಮುದ್ರೆ ಒತ್ತಿ ಆಮೇಲೆ ಎನಾಮೆಲ್ ಹಾಕಿ ಸುಟ್ಟಿದ್ದರೆ, ಗಾಜಿನಂಥ ಲೇಪ ಆ ತಗ್ಗಿನೊಳಕ್ಕೂ ಹರಿದು ಅಂಚು ಮೆತ್ತಗಾಗಿರುತ್ತದೆ. ಬಣ್ಣದಲ್ಲಿ ಅಚ್ಚು ಹಾಕಿ ಸುಟ್ಟಿದ್ದರೆ ಉಗುರಿಗೆ ಗೀರು ತಾಗುವುದೇ ಇಲ್ಲ. ಇತ್ತೀಚೆಗೆ ಯಾರೋ ಉಳಿ ಇಟ್ಟು ಹೊಡೆದಿದ್ದರೆ ಗೆರೆಯ ಎರಡೂ ಕಡೆ ಎನಾಮೆಲ್ ನವಿರಾಗಿ ಸಿಡಿದಿರುತ್ತದೆ, ಸೀಳಿನೊಳಗೆ ಬರಿಯ ಕಬ್ಬಿಣ ಕಾಣುತ್ತದೆ. ಮೆಣಸಿನಕಾಳಿನಷ್ಟು ಜಾಗದಲ್ಲಿ ಸತ್ಯ ಗೊತ್ತಾಗಿಬಿಡುತ್ತದೆ.

ಇನ್ನು ಕೆನ್ರಿಕ್ ಪಾತ್ರೆ. ಕೆನ್ರಿಕ್ ಎನ್ನುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಕ್ಕದ ವೆಸ್ಟ್ ಬ್ರಾಮ್‌ವಿಚ್ ಊರಿನ ಎರಕದ ಕಾರ್ಖಾನೆ. 1791ರಲ್ಲಿ ಶುರುವಾದದ್ದು, ಒಳಗೆ ಕಲಾಯಿ ಹಾಕಿದ, ಆಮೇಲೆ ಎನಾಮೆಲ್ ಹಾಕಿದ ಬೀಡಿನ ಪಾತ್ರೆಗೆ ಹೆಸರಾಗಿತ್ತು. ಕಂಪನಿ ಶುರುವಾದ ಇಸವಿಯನ್ನೇ ಪಾತ್ರೆಯ ಇಸವಿ ಅಂತ ತೋರಿಸುವುದು ಮಾರಾಟಗಾರರ ಹಳೇ ಚಾಳಿ. ಆ ಕಾರ್ಖಾನೆ ನೂರಾರು ವರ್ಷ ನಡೆದಿದೆ, ಹಾಗಾಗಿ ಬರೀ ಹೆಸರಿನಿಂದ ಕಾಲ ನಿರ್ಧಾರ ಆಗುವುದಿಲ್ಲ.

ಅದಕ್ಕೆ ಬೇಕಾದದ್ದು ಹೆಸರಿನ ಆಚೀಚೆ ಇರುವ ಸಣ್ಣ ಗುರುತು. ಪಾತ್ರೆಯ ತಳ, ಹಿಡಿ ಕೂರುವ ಕಿವಿಯ ಕೆಳಗೆ, ಮುಚ್ಚಳದ ಒಳಮೈ, ಈ ಮೂರು ಕಡೆ ಹುಡುಕಿ. ಅಕ್ಷರ ಮಸಿಯಲ್ಲಿ ಮುಚ್ಚಿದ್ದರೆ ತಂತಿ ಬ್ರಷ್ ಹಾಕಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣ ಅಡ್ಡಲಾಗಿ ಉಜ್ಜಿ, ಕತ್ತಲೆಯಲ್ಲಿ ಟಾರ್ಚನ್ನು ನೆಲಮಟ್ಟಕ್ಕೆ ಹಿಡಿದು ಫೋಟೋ ತೆಗೆಯಿರಿ. ಕಣ್ಣಿಗೆ ಕಾಣದ ಅಕ್ಷರ ಫೋಟೋದಲ್ಲಿ ಎದ್ದು ಬರುತ್ತದೆ. ಮೂಲೆಗಳಲ್ಲಿ ಅಕ್ಷರ, ಅಂಕಿ ಇರುವ ವಜ್ರಾಕಾರದ ಚೌಕ ಕಂಡರೆ ಅದು ಬ್ರಿಟನ್ನಿನ ವಿನ್ಯಾಸ ನೋಂದಣಿಯ ಗುರುತು, 1842ರಿಂದ 1883ರವರೆಗೆ ಮಾತ್ರ ಬಳಕೆಯಲ್ಲಿತ್ತು. 1884ರಿಂದ ಅದರ ಬದಲು 'ಆರ್‌ಡಿ ನಂಬರ್' ಎಂದು ಬರೆದು ಒಂದರಿಂದ ಶುರುವಾದ ಅಂಕಿ ಬಂತು. 1900ರ ಹೊತ್ತಿಗೆ ಆ ಅಂಕಿ ಮೂರೂವರೆ ಲಕ್ಷದ ಸುತ್ತ ಇತ್ತು. ಅಂಥ ಅಂಕಿ ಸಿಕ್ಕರೆ ನಿಮ್ಮ ಪಾತ್ರೆಯ ವಿನ್ಯಾಸ ಯಾವ ವರ್ಷ ನೋಂದಣಿಯಾಯಿತು ಎಂದು ಹೇಳಬಹುದು. ಪಾತ್ರೆ ಎರಕವಾದದ್ದು ಆ ವರ್ಷ ಅಥವಾ ಆಮೇಲೆ, ಒಮ್ಮೊಮ್ಮೆ ಬಹಳ ಆಮೇಲೆ. ಹೆಸರಿನ ಕೊನೆಗೆ 'ಲಿಮಿಟೆಡ್' ಇದ್ದರೆ 1855ಕ್ಕಿಂತ ಹಿಂದಕ್ಕೆ ಹೋಗಲಾರದು, ಏಕೆಂದರೆ ಬ್ರಿಟನ್ನಿನಲ್ಲಿ ಕಂಪನಿಗಳ ಹೆಸರಿಗೆ ಆ ಪದ ಸೇರುವ ಕಾನೂನು ಬಂದದ್ದೇ ಆಗ.

'6 ಪೈಂಟ್ಸ್' ಅನ್ನುವುದನ್ನೂ ಪರೀಕ್ಷಿಸಬಹುದು. ಬ್ರಿಟಿಷ್ ಪೈಂಟ್ ಅಂದರೆ 568 ಮಿ.ಲೀ., ಅಮೆರಿಕದ್ದು 473. ಆರು ಬ್ರಿಟಿಷ್ ಪೈಂಟ್ ಸುಮಾರು 3.4 ಲೀಟರ್ ಆಗುತ್ತದೆ, ಅಮೆರಿಕದ್ದಾದರೆ 2.8. ಲೀಟರ್ ಅಳತೆಯಲ್ಲಿ ನೀರು ಹುಯ್ದು ನೋಡಿ. ಬಾಯಿವರೆಗೆ ಮೂರು ಲೀಟರ್ ದಾಟಿ ಹಿಡಿದರೆ ಅಕ್ಷರಕ್ಕೂ ಪಾತ್ರೆಗೂ ಹೊಂದಾಣಿಕೆ ಇದೆ ಎಂದು ಅರ್ಥ. ನೀರು ಹುಯ್ದ ಮೇಲೆ ತಕ್ಷಣ ಒರೆಸಿ ಬಿಸಿಲಿಗಿಡಿ. ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾನೂನು ಆದದ್ದು 1956ರಲ್ಲಿ, ಜಾರಿಗೆ ಬಂದದ್ದು 1958ರಿಂದ ಹಂತ ಹಂತವಾಗಿ. ಸೇರು, ಪೌಂಡು, ಪೈಂಟು ಬರೆದ ಪಾತ್ರೆ ಅದಕ್ಕೆ ಹಿಂದಿನದು, ಲೀಟರ್ ಬರೆದದ್ದು ಮುಂದಿನದು ಅನ್ನುವುದು ದೇಶಿ ಪಾತ್ರೆಗಳಿಗೂ ಒಳ್ಳೆಯ ಗಡಿಗೆರೆ.

ಬೇರೆ ಯಾವ ಗುರುತೂ ಸಿಗದಿದ್ದರೆ ಈ ಪಾತ್ರೆಯನ್ನು 'ಹತ್ತೊಂಬತ್ತನೇ ಶತಮಾನದ ಕೊನೆ ಅಥವಾ ಇಪ್ಪತ್ತನೇ ಶತಮಾನದ ಮೊದಲ ಭಾಗ' ಅಂತ ಬರೆದು ಬಿಡಿ. ಅದಕ್ಕಿಂತ ನಿಖರವಾಗಿ ಹೇಳುವವರು ಊಹೆ ಹೇಳುತ್ತಿದ್ದಾರೆ.

ಈಗ ಕಾವಲಿಗೆ ಬರೋಣ, ತಪ್ಪು ಹೆಚ್ಚು ನಡೆಯುವುದು ಇಲ್ಲೇ. ಬೆನ್ನಿನ ಒರಟು ಗೆರೆ ಎರಕದ ಬಾಯಿ ಮುರಿದ ಗಾಯ. ಮರಳಿನ ಅಚ್ಚಿನಲ್ಲಿ ಕಾವಲಿಯನ್ನು ಬೋರಲು ಇಟ್ಟು, ಬೆನ್ನಿನ ಕಡೆಯಿಂದ ಉದ್ದನೆಯ ಸೀಳಿನ ಮೂಲಕ ಕರಗಿದ ಬೀಡು ಹುಯ್ಯುತ್ತಿದ್ದರು. ಆರಿದ ಮೇಲೆ ಆ ಕುತ್ತಿಗೆಯನ್ನು ಮುರಿದು ಅರ ಹಾಕಿದರೆ ಹೀಗೆ ಗೆರೆ ಉಳಿಯುತ್ತದೆ. ಆಮೇಲೆ ಅಂಚಿನಿಂದ ಹುಯ್ಯುವ ಪದ್ಧತಿ ಬಂತು. ಒಂದೇ ಅಚ್ಚಿನಲ್ಲಿ ಹಲವು ಪಾತ್ರೆ ಎರೆಯಬಹುದಾಗಿತ್ತು, ಗಾಯ ಅಂಚಿನಲ್ಲಿ ಇರುತ್ತಿದ್ದರಿಂದ ಉಜ್ಜಿ ಅಳಿಸುವುದೂ ಸುಲಭ. ಅಮೆರಿಕದ ದೊಡ್ಡ ಕಾರ್ಖಾನೆಗಳಲ್ಲಿ ಈ ಬದಲಾವಣೆ ಆದದ್ದು ಸರಿಸುಮಾರು 1890ರ ಹೊತ್ತಿಗೆ. ಅದರಿಂದಲೇ 'ಬೆನ್ನಲ್ಲಿ ಗೆರೆ ಇದ್ದರೆ 1890ಕ್ಕೂ ಹಿಂದಿನದು' ಅನ್ನುವ ಸೂತ್ರ ಎಲ್ಲೆಡೆ ಹಬ್ಬಿದೆ. ಬೆಂಗಳೂರಿನವರ 150 ವರ್ಷವೂ ಅಲ್ಲಿಂದಲೇ ಬಂದಿರಬೇಕು. ಆದರೆ ಅದು ಅಮೆರಿಕದ ಸೂತ್ರ. ಬ್ರಿಟನ್ನಿನಲ್ಲಿ ಹಳೇ ಪದ್ಧತಿ ಇನ್ನೂ ಕೆಲವು ಕಾಲ ನಡೆಯಿತು, ಸಣ್ಣ ಫೌಂಡ್ರಿಗಳಿಗೆ ಕ್ಯಾಲೆಂಡರ್ ಲೆಕ್ಕವೇ ಇಲ್ಲ. ಗೆರೆ ಇದ್ದರೆ ಕೈ ಅಚ್ಚಿನಲ್ಲಿ ಎರೆದದ್ದು ಎಂದಷ್ಟೇ ತಿಳಿಯಿರಿ.

ಆಕಾರ ಇನ್ನೂ ಸ್ವಲ್ಪ ಹೇಳುತ್ತದೆ. ನಮ್ಮ ದೋಸೆ ಕಾವಲಿಗೆ ಎರಡು ಕಿವಿ ಇರುತ್ತದೆ, ನಡುವೆ ತುಸು ತಗ್ಗೂ ಇರುವುದುಂಟು. ಪೂರ್ತಿ ಚಪ್ಪಟೆ ತಟ್ಟೆ, ಮೇಲೆ ಅಡ್ಡಕ್ಕೆ ಬಳೆ ಹಿಡಿ, ಇದು ಬ್ರಿಟನ್ನಿನ, ಅದರಲ್ಲೂ ಸ್ಕಾಟ್ಲೆಂಡ್ ಕಡೆಯ ಪದ್ಧತಿ: ಬೆಂಕಿಯ ಮೇಲೆ ಕೊಕ್ಕೆಗೆ ನೇತುಹಾಕಿ ಓಟ್ಸ್ ರೊಟ್ಟಿ, ಸ್ಕೋನ್ ಸುಡುವುದಕ್ಕೆ. ಹಾಗಾಗಿ ಬಂಗಲೆಯ ಅಡಿಗೆಮನೆಯ ಮಾತಿಗೆ ಇದು ಹೊಂದುತ್ತದೆ. ಬಳೆ ಕೂರುವ ತೂತನ್ನು ನೋಡಿ. ವರ್ಷಗಟ್ಟಲೆ ನೇತುಹಾಕಿ ಬಳಸಿದ್ದರೆ ತೂತು ದುಂಡಗೆ ಉಳಿದಿರುವುದಿಲ್ಲ, ಮೇಲಂಚಿನ ಕಡೆ ಸವೆದು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಬಳೆಯ ಕೊಕ್ಕೆಯ ಒಳಮೈಯೂ ಅದಕ್ಕೆ ಸರಿಯಾಗಿ ತೆಳ್ಳಗಾಗಿರುತ್ತದೆ. ಎರಡೂ ಸವೆತ ಒಂದಕ್ಕೊಂದು ಕೂಡಿದರೆ ಹಿಡಿಯೂ ಕಾವಲಿಯೂ ಮೊದಲಿನಿಂದ ಜೊತೆಯವು. ತೂತು ಸವೆದು ಬಳೆ ಹೊಸದಾಗಿದ್ದರೆ ಯಾರೋ ಬದಲಾಯಿಸಿದ್ದಾರೆ. '10' ಅಂದರೆ ಹತ್ತು ಇಂಚು. ಕಾವಲಿ, ತವಾ ಇವತ್ತಿಗೂ ಇಂಚಿನ ಲೆಕ್ಕದಲ್ಲೇ ಮಾರಾಟವಾಗುವುದರಿಂದ ಈ ಅಂಕಿ ವಯಸ್ಸಿಗೆ ಉಪಯೋಗವಿಲ್ಲ.

'ಭಾರ ಇದ್ದರೆ ಹಳೇದು' ಅನ್ನುವ ನಂಬಿಕೆ ನಿಜಕ್ಕೆ ತಲೆಕೆಳಗು. ಕೈಯಲ್ಲಿ ಅಚ್ಚು ಮಾಡುವ ನುರಿತ ಕೆಲಸಗಾರರು ತೆಳ್ಳಗೆ ಎರೆಯುತ್ತಿದ್ದರು, ಮೈಯನ್ನು ಉಜ್ಜಿ ನಯ ಮಾಡುತ್ತಿದ್ದರು. ಈಗಿನವು ದಪ್ಪ, ಮೈ ಮರಳು ಮರಳು. ಬೀಡಿನ ಸಾಂದ್ರತೆ ಸೆಂಟಿಮೀಟರ್ ಘನಕ್ಕೆ ಸುಮಾರು 7.2 ಗ್ರಾಂ. ಹತ್ತು ಇಂಚಿನ ತಟ್ಟೆ 4 ಮಿ.ಮೀ. ದಪ್ಪ ಇದ್ದರೆ ಒಂದೂವರೆ ಕಿಲೋದ ಹತ್ತಿರ, 6 ಮಿ.ಮೀ. ಇದ್ದರೆ 2.2 ಕಿಲೋ ತೂಗಬೇಕು, ಹಿಡಿ ಬೇರೆ. ನಿಮ್ಮದು ಮೊದಲನೆಯದಕ್ಕೆ ಹತ್ತಿರವಾದರೆ ಒಳ್ಳೆಯ ಲಕ್ಷಣ. ಅಯಸ್ಕಾಂತ ಅಂಟಿಸಿ ನೋಡುವುದರಿಂದ ಏನೂ ತಿಳಿಯುವುದಿಲ್ಲ, ಹೊಸ ಕಬ್ಬಿಣಕ್ಕೂ ಅಂಟುತ್ತದೆ. ತುಕ್ಕಿನಿಂದಲೂ ಅಷ್ಟೇ: ನಮ್ಮ ಕಡೆ ಆಷಾಢದ ಮಳೆಯಲ್ಲಿ ಹೊಸ ಕಾವಲಿಯನ್ನು ಕೊಟ್ಟಿಗೆ ಗೋಡೆಗೆ ಒರಗಿಸಿಟ್ಟರೆ ದೀಪಾವಳಿಗೆ ಅದು 'ಆ್ಯಂಟಿಕ್' ಆಗಿರುತ್ತದೆ. ಬೇಕೆಂದೇ ಉಪ್ಪು ನೀರು ಹಾಕಿ ತರಿಸಿದ ತುಕ್ಕು ಎಲ್ಲ ಕಡೆ ಒಂದೇ ಸಮ ಕಿತ್ತಳೆ ಬಣ್ಣ. ವರ್ಷಗಟ್ಟಲೆ ಬಳಸಿ ಬಿಟ್ಟದ್ದರಲ್ಲಿ ಅಂಚಿನ ಹೊರಮೈ ಮೇಲೆ ಮಸಿ ಪದರ ಪದರವಾಗಿ ಗಟ್ಟಿಕಟ್ಟಿ, ರೊಟ್ಟಿ ಬೀಳುವ ನಡುಭಾಗ ನುಣ್ಣಗಿರುತ್ತದೆ. ಬೆನ್ನಿನ ಮೇಲೆ ದುಂಡುದುಂಡು ಸಮಾನ ಗೀರು ಇದ್ದರೆ ಲೇತ್ ಹಿಡಿಸಿದ ಈಗಿನ ಮಾಲು. ಅಡ್ಡಾದಿಡ್ಡಿ ಕಮಾನಿನ ಗೀರು ಇದ್ದರೆ ಯಾರೋ ಗ್ರೈಂಡರ್ ಆಡಿಸಿದ್ದಾರೆ.

ಇನ್ನೊಂದು ಮಾತು ನಮ್ಮ ಜಿಲ್ಲೆಯಲ್ಲಿ ಕೇಳಿಬರುತ್ತದೆ: ಹೆಸರಿಲ್ಲದ ಹಳೇ ಬೀಡಿನ ಪಾತ್ರೆಯನ್ನೆಲ್ಲ 'ಭದ್ರಾವತಿ ಕಬ್ಬಿಣ' ಅನ್ನುವುದು. ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ ಬೀಡು ಇಳಿದದ್ದು 1923ರಲ್ಲಿ. ಅದಕ್ಕೆ ಹಿಂದಿನ ಯಾವ ಪಾತ್ರೆಯೂ ಅಲ್ಲಿನದಾಗಲಾರದು. ಆಮೇಲಿನದಕ್ಕೂ ಮುದ್ರೆ ಇಲ್ಲದೆ ಆ ಹೆಸರು ಅಂಟಿಸಲಾಗದು. ಬಣ್ಣ, ನಾದ, ತೂಕ ನೋಡಿ ಯಾವ ಊರಿನ ಕಬ್ಬಿಣ ಅಂತ ಹೇಳುವ ವಿದ್ಯೆ ಯಾರಿಗೂ ಇಲ್ಲ.

ಹೆಸರಿರುವ ಪಾತ್ರೆ ಕೊಳ್ಳುವಾಗ ನಕಲಿ ಎರಕದ ಭಯ ಇರುತ್ತದೆ. ಅಸಲಿ ಪಾತ್ರೆಯನ್ನೇ ಮರಳಿನಲ್ಲಿ ಒತ್ತಿ ಅದರಿಂದ ಇನ್ನೊಂದು ಎರೆಯುವುದು ಸುಲಭ. ಆದರೆ ಬೀಡು ಆರುವಾಗ ಶೇಕಡಾ ಒಂದರಷ್ಟು ಕುಗ್ಗುತ್ತದೆ. ಅಸಲಿ ಮಾದರಿ ಮಾಡುವವರು ಆ ಕುಗ್ಗುವಿಕೆಯನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ, ನಕಲಿಯವರು ಹಾಕಿರುವುದಿಲ್ಲ. 25.4 ಸೆಂ.ಮೀ. ಇರಬೇಕಾದ ಕಾವಲಿ 25.1 ಆಗಿ ಬರುತ್ತದೆ, ಅಕ್ಷರದ ಅಂಚು ಕರಗಿದಂತೆ ಮೊಂಡಾಗುತ್ತದೆ, ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಅಟ್ಟದಿಂದ ಇಳಿದ ನಿಮ್ಮ ಕೆನ್ರಿಕ್ ಬಗ್ಗೆ ನನಗೆ ಆ ಅನುಮಾನ ಇಲ್ಲ. ನಾಳೆ ಇಂಥದ್ದೇ ಇನ್ನೊಂದನ್ನು ಯಾರಾದರೂ ಮಾರಲು ತಂದರೆ ಅಕ್ಷರದ ಮೊನೆ ನೋಡಿ.

ಇನ್ನು ಶುಚಿ ಮಾಡುವ ವಿಚಾರ. ಒಲೆಯ ಕೆಂಡಕ್ಕೆ ಎಸೆದು ಸುಡುವುದರಿಂದ ಮಸಿ ಹೋಗುತ್ತದೆ ನಿಜ, ಜೊತೆಗೆ ಕಾವಲಿಯೂ ಹೋಗಬಹುದು. ಒಂದು ಕಡೆ ಕೆಂಪಗೆ ಕಾದು ಇನ್ನೊಂದು ಕಡೆ ತಣ್ಣಗಿದ್ದರೆ ಬೀಡು ಸೀಳುತ್ತದೆ ಅಥವಾ ಸೊಟ್ಟಗಾಗಿ ಉಳಿಯುತ್ತದೆ. ಕೆಂಪಗೆ ಕಾದ ಜಾಗದ ಮೇಲ್ಮೈ ಬದಲಾಗಿ ಮಂಕು ಕೆಂಪು ಮಚ್ಚೆ ಬೀಳುತ್ತದೆ, ಅಲ್ಲಿ ಎಣ್ಣೆ ಎಷ್ಟು ಸವರಿದರೂ ಹಿಡಿಯುವುದಿಲ್ಲ. ಅದನ್ನು ಮತ್ತೆ ಸರಿಮಾಡುವ ಉಪಾಯ ಇಲ್ಲ; ಸಂಗ್ರಾಹಕರು ಆ ಮಚ್ಚೆ ಕಂಡರೆ ಕೆಳಗಿಟ್ಟು ಹೋಗುತ್ತಾರೆ. ಗ್ರೈಂಡರ್ ಹಿಡಿಸಿದರೆ ಎರಕದ ಗೆರೆ, ಅಕ್ಷರದ ಮೊನೆ, ಹಳೇ ಮೈಯ ನಯ, ಅಂದರೆ ಮೇಲೆ ಹೇಳಿದ ಸಾಕ್ಷಿಯೆಲ್ಲ ಧೂಳಾಗಿ ಹಾರಿಹೋಗುತ್ತದೆ. ಡಬಲ್ ಅಲ್ಲ, ಅರ್ಧ.

ಮಾರುವುದಾದರೆ ಬಿಸಿನೀರು, ಸಾಬೂನು, ನಾರಿನ ಬ್ರಷ್ ಇಷ್ಟೇ. ಒಣಗಿಸಿ, ತೆಳ್ಳಗೆ ಎಣ್ಣೆ ಒರೆಸಿ ಹಾಗೇ ತೋರಿಸಿ. ತಿಳಿದ ಗಿರಾಕಿಗೆ ಕೊಳೆಯೇ ಭರವಸೆ, ಏಕೆಂದರೆ ಏನನ್ನೂ ಮುಚ್ಚಿಲ್ಲ ಎಂದು ಗೊತ್ತಾಗುತ್ತದೆ.

ಕಾವಲಿಯನ್ನು ಬಳಸುವ ಮನಸ್ಸಿದ್ದರೆ ಮೊದಲು ಎರಡು ಪರೀಕ್ಷೆ. ಬಳೆ ಹಿಡಿದು ನೇತಾಡಿಸಿ ಮರದ ಸೌಟಿನಿಂದ ಅಂಚಿಗೆ ತಟ್ಟಿ. ಉದ್ದಕ್ಕೆ ಗಂಟೆಯ ನಾದ ಬಂದರೆ ಸರಿ, 'ಡಬ್' ಅಂತ ಸತ್ತ ಸದ್ದು ಬಂದರೆ ಎಲ್ಲೋ ಕೂದಲೆಳೆ ಸೀಳಿದೆ. ತಟ್ಟುವಾಗ ಬಳೆ ಸಡಿಲವಾಗಿ ಕಿಣಿಕಿಣಿ ಅಂದರೆ ಮೋಸ ಹೋಗಬೇಡಿ, ಒಮ್ಮೆ ಬಳೆಗೆ ಬಟ್ಟೆ ಸುತ್ತಿ ಮತ್ತೆ ತಟ್ಟಿ. ಆಮೇಲೆ ಅಡಿಗೆಮನೆಯ ಗ್ರಾನೈಟ್ ಕಟ್ಟೆಯ ಮೇಲಿಟ್ಟು ಅಂಚು ಒತ್ತಿ ನೋಡಿ. ಅಲುಗಾಡಿದರೆ ಸೊಟ್ಟ ಇದೆ. ಸೌದೆ ಒಲೆಗೆ ಅಷ್ಟು ಸೊಟ್ಟ ನಡೆಯುತ್ತದೆ, ಇಂಡಕ್ಷನ್ ಒಲೆಗೆ ನಡೆಯುವುದಿಲ್ಲ.

ಹಳೇ ಜಿಡ್ಡು ಬಿಡಿಸಲು ಕಾಸ್ಟಿಕ್ ಸೋಡಾ ಒಳ್ಳೆಯದು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 20 ಲೀಟರ್ ತಣ್ಣೀರು ತುಂಬಿ, ಅದಕ್ಕೆ 450 ಗ್ರಾಂ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕರಗಿಸಿ. ಸೋಡಾದ ಮೇಲೆ ನೀರು ಹುಯ್ದರೆ ಕುದಿದು ಮುಖಕ್ಕೆ ಹಾರುತ್ತದೆ, ಆದ್ದರಿಂದ ಯಾವಾಗಲೂ ನೀರಿಗೆ ಸೋಡಾ. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು, ಮಕ್ಕಳು, ದನಕರು ಹತ್ತಿರ ಸುಳಿಯಬಾರದು. ಅಲ್ಯೂಮಿನಿಯಂ ಪಾತ್ರೆ ಉಪಯೋಗಿಸಬೇಡಿ, ಕರಗಿಹೋಗುತ್ತದೆ. ಮೂರ್ನಾಲ್ಕು ದಿನ ಬಿಟ್ಟು ತೆಗೆದು ಉಜ್ಜಿ. ಹೋಗದಿದ್ದರೆ ಮತ್ತೆ ಅಷ್ಟೇ ದಿನ. ಸೋಡಾ ಜಿಡ್ಡನ್ನು ತೆಗೆಯುತ್ತದೆ, ತುಕ್ಕನ್ನಲ್ಲ. ತುಕ್ಕಿಗೆ ವಿನಿಗರ್ ಮತ್ತು ನೀರು ಸಮಸಮ, ಒಂದು ಸಲಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಡ. ರಾತ್ರಿಯೆಲ್ಲ ನೆನೆಹಾಕಿದರೆ ಆಮ್ಲ ಕಬ್ಬಿಣವನ್ನೇ ತಿಂದು ಮೈ ಬೂದಿ ಬಣ್ಣಕ್ಕೆ ತಿರುಗುತ್ತದೆ. ತೊಳೆದ ಕೂಡಲೇ ಒಲೆ ಮೇಲೆ ಒಣಗಿಸಿ, ಸೂರ್ಯಕಾಂತಿ ಎಣ್ಣೆ ಸವರಿ, ಎಣ್ಣೆಯೇ ಇಲ್ಲವೇನೋ ಅನ್ನುವಷ್ಟು ಒರೆಸಿ, ಹೊಗೆ ಬರುವವರೆಗೆ ನಿಧಾನಕ್ಕೆ ಕಾಯಿಸಿ ಆರಿಸಿ. ಹೀಗೆ ನಾಲ್ಕೈದು ಸಲ. ಎಣ್ಣೆ ದಪ್ಪವಾದರೆ ಅಂಟಂಟಾಗಿ ರೊಟ್ಟಿಗೆ ಮೆತ್ತುತ್ತದೆ. ಕೊಬ್ಬರಿ ಎಣ್ಣೆ ಈ ಕೆಲಸಕ್ಕೆ ಅಷ್ಟು ಒಗ್ಗುವುದಿಲ್ಲ, ಅದು ಗಟ್ಟಿ ಪದರವಾಗಿ ಒಣಗುವ ಜಾತಿಯಲ್ಲ.

ಕೆನ್ರಿಕ್ ಪಾತ್ರೆಗೆ ಮಾತ್ರ ಈ ಸೋಡಾ ತೋರಿಸಲೇಬೇಡಿ. ಒಳಗಿನ ಬಿಳಿ ಹೊಳಪು ಕಲಾಯಿಯೋ ಎನಾಮೆಲ್ಲೋ ಎಂದು ಗುಂಡುಪಿನ್ನಿನಿಂದ ಕಾಣದ ಮೂಲೆಯಲ್ಲಿ ಗೀರಿ ನೋಡಿ: ಮೆತ್ತಗೆ ಬೆಳ್ಳಿಗೆರೆ ಬಿದ್ದರೆ ಕಲಾಯಿ, ಪಿನ್ನು ಜಾರಿದರೆ ಎನಾಮೆಲ್. ನೀವು ಬರೆದಂತೆ ಅಲ್ಲಲ್ಲಿ ಕಪ್ಪಾಗಿದ್ದರೆ ಕಲಾಯಿ ಇರುವ ಸಂಭವ ಹೆಚ್ಚು. ಕಲಾಯಿಯ ತವರವನ್ನು ಕಾಸ್ಟಿಕ್ ಸೋಡಾ ಕರಗಿಸುತ್ತದೆ. ಬರಿ ಪಾತ್ರೆ ಒಲೆಯ ಮೇಲೆ ಕಾದರೂ 232 ಡಿಗ್ರಿಗೆ ತವರ ಕರಗಿ ಗುಡ್ಡೆಯಾಗುತ್ತದೆ. ಹೊಸ ಕಲಾಯಿ ಹಾಕಿಸಿದರೆ ಅಡಿಗೆಗೆ ಆದೀತು, ಸಂಗ್ರಾಹಕರಿಗೆ ಹಳೇ ಸವೆದ ಕಲಾಯಿಯೇ ಇಷ್ಟ. ಹಾಕಿಸುವುದಾದರೆ ಸೀಸ ಬೆರೆಯದ ಶುದ್ಧ ತವರ ಅಂತ ಕೇಳಿ ಹಾಕಿಸಿ; ಬೀಡಿನ ಮೇಲೆ ತವರ ಹಿಡಿಸುವುದು ತಾಮ್ರದಷ್ಟು ಸಲೀಸಲ್ಲ, ಎಲ್ಲ ಕಲಾಯಿಗಾರರೂ ಒಪ್ಪುವುದಿಲ್ಲ.

ಸೀಸದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಕೋವಿ ಇದ್ದ ತೋಟದ ಮನೆಗಳಲ್ಲಿ ಗುಂಡು ಎರೆಯಲು ಸಣ್ಣ ಬೀಡಿನ ಪಾತ್ರೆಯಲ್ಲಿ ಸೀಸ ಕರಗಿಸುತ್ತಿದ್ದುದುಂಟು. ಮೂಲೆಯಲ್ಲಿ ಉಗುರಿಗೆ ಗುರುತು ಬೀಳುವ, ಕಾಗದದ ಮೇಲೆ ಉಜ್ಜಿದರೆ ಪೆನ್ಸಿಲ್ಲಿನಂತೆ ಗೆರೆ ಬಿಡುವ ಬೂದುಬಣ್ಣದ ಹನಿ ಕಂಡರೆ ಆ ಪಾತ್ರೆಯಲ್ಲಿ ಅಡಿಗೆ ಬೇಡ, ಕಾಯಿಸುವುದೂ ಬೇಡ. ಕಣ್ಣಿಗೆ ಏನೂ ಕಾಣದಿದ್ದರೂ ಸೀಸ ಪತ್ತೆಯ ಕಡ್ಡಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಒಮ್ಮೆ ಒರೆಸಿ ನೋಡಿ. ಹಳೇ ಎನಾಮೆಲ್ ಮಗ್‌ಗಳನ್ನು ನೋಡಲು ಇಟ್ಟುಕೊಳ್ಳಿ, ಕುಡಿಯಲು ಬೇಡ. ಅಗ್ಗದ ಬಿಳಿ ಎನಾಮೆಲ್ಲಿಗೆ ಆಗ ಆಂಟಿಮನಿ ಬೆರೆಸುತ್ತಿದ್ದರು. 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಅಂಥ ಪಾತ್ರೆಯಲ್ಲಿಟ್ಟ ನಿಂಬೆ ಪಾನಕ ಕುಡಿದವರು ವಾಂತಿಯಿಂದ ಮಲಗಿದ್ದು ದಾಖಲಾಗಿದೆ. ಮಜ್ಜಿಗೆ, ನಿಂಬೆ, ಹುಣಸೆ ರಸ ಇವುಗಳಿಗೆ ಎಲ್ಲಕ್ಕಿಂತ ಕೆಟ್ಟದ್ದು.

ಬೆಲೆಗೆ ಬರುತ್ತೇನೆ. ಗುಜರಿಯವನ ಲೆಕ್ಕದಲ್ಲಿ ನಿಮ್ಮ ಕಾವಲಿ ಐವತ್ತು ಅರವತ್ತು ರೂಪಾಯಿ, ಅದಕ್ಕೆ ಖಂಡಿತ ಕೊಡಬೇಡಿ. ಹಾಗಂತ ಹೆಸರಿಲ್ಲದ ಕಾವಲಿಗೆ ಸಂಗ್ರಾಹಕರು ಮುಗಿಬೀಳುವುದೂ ಇಲ್ಲ. ಸೀಳಿಲ್ಲದೆ, ಸೊಟ್ಟವಿಲ್ಲದೆ ಇದ್ದರೆ ಅದರ ಬೆಲೆ ಇವತ್ತಿನ ಒಂದು ಒಳ್ಳೆಯ ಹೊಸ ಬೀಡಿನ ತವಾದಷ್ಟು, ಸಾವಿರದಿಂದ ಎರಡು ಸಾವಿರದ ಒಳಗೆ. ಅದನ್ನು ನೀವೇ ಬಳಸುವುದು ಲಾಭ. ಚೆಕೊಸ್ಲೊವಾಕಿಯಾ ಮಗ್ ಎರಡನ್ನು ಇಲ್ಲಿ ಹೆಚ್ಚಾಗಿ ಕೊಳ್ಳುವವರು ಹೋಂಸ್ಟೇಯವರು, ಗೋಡೆಗೆ ನೇತುಹಾಕಲು; ಅವರಿಗೆ ಚಂದ ಮುಖ್ಯ, ಇಸವಿಯಲ್ಲ. ಸೇನೆಯ ಮಗ್‌ಗೆ ಮತ್ತು ಹೆಸರು, ಮುಚ್ಚಳ ಎರಡೂ ಇರುವ ಕೆನ್ರಿಕ್‌ಗೆ ಮಾತ್ರ ಹುಡುಕಿಕೊಂಡು ಬರುವ ಜನ ಇದ್ದಾರೆ. ಮುಚ್ಚಳ ಅದೇ ಪಾತ್ರೆಯದೇ ಎಂದು ಖಚಿತ ಮಾಡಿಕೊಳ್ಳಿ: ಸುತ್ತ ತಿರುಗಿಸಿದರೂ ಒಂದೇ ಸಮ ಕೂರಬೇಕು, ಅಳತೆಯ ಅಂಕಿ ಇದ್ದರೆ ಎರಡರಲ್ಲೂ ಒಂದೇ ಇರಬೇಕು.

ಬೆಲೆ ಹುಡುಕುವಾಗ ಆನ್‌ಲೈನ್‌ನಲ್ಲಿ ಯಾರೋ ಬರೆದುಕೊಂಡ ಆಸೆಯ ಬೆಲೆ ನೋಡಬೇಡಿ, ಮಾರಾಟ ಮುಗಿದ ಬೆಲೆ ನೋಡಿ. ಅದೂ ವಿದೇಶದ್ದಾದರೆ ನಿಮಗೆ ಅನ್ವಯಿಸುವುದಿಲ್ಲ, ಇಷ್ಟು ತೂಕ ಕಳಿಸುವ ಖರ್ಚೇ ಲಾಭವನ್ನು ನುಂಗುತ್ತದೆ. ಕಾನೂನೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ತುಂಬಿದ ವಸ್ತುಗಳ ವಿಚಾರದಲ್ಲಿ ಬಿಗಿಯಾಗಿದೆ. ಪುರಾತನ ವಸ್ತು ಎಂದಾದದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. '150 ವರ್ಷದ್ದು' ಅಂತ ಜಾಹೀರಾತು ಹಾಕಿ ಹೊರದೇಶಕ್ಕೆ ಪಾರ್ಸೆಲ್ ಮಾಡಿದರೆ, ಅದು ಪುರಾತನ ವಸ್ತು ಅಲ್ಲ ಎಂದು ಪುರಾತತ್ವ ಇಲಾಖೆಯಿಂದ ಪತ್ರ ತರುವ ತಲೆನೋವು ನಿಮ್ಮದೇ. ಮಾರುವುದಾದರೆ ದೇಶದೊಳಗೇ ಮಾರಿ, ನಿಜವಾದ ಅವಧಿಯನ್ನೇ ಬರೆಯಿರಿ.

ಬೆಲೆ ಏರಿಸುವ ಒಂದು ಸಂಗತಿ ನಿಮ್ಮ ಕೈಯಲ್ಲೇ ಇದೆ. ತೋಟದ ಹೆಸರು, ನಿಮ್ಮ ಮಾವನವರ ತಂದೆ ಅಲ್ಲಿ ಕೆಲಸ ಮಾಡಿದ ವರ್ಷಗಳು, ಹಳೇ ಫೋಟೋ, ಸಂಬಳದ ಚೀಟಿ ಅಥವಾ ಚೆಕ್‌ರೋಲ್ ಪುಸ್ತಕ, ಬಂಗಲೆ ಸಾಮಾನು ಹಂಚಿದ ಪಟ್ಟಿ ಏನಾದರೂ ಇದೆಯೇ ಎಂದು ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ. ಕಾಗದ ಜೊತೆಗಿದ್ದರೆ ಕೆನ್ರಿಕ್ ಪಾತ್ರೆ ಒಂದು ತೋಟದ ಬಂಗಲೆಯ ಪಾತ್ರೆಯಾಗುತ್ತದೆ, ಇಲ್ಲದಿದ್ದರೆ ಬರೀ ಕೆನ್ರಿಕ್. ಬಾಯಿಮಾತನ್ನು ಬಾಯಿಮಾತು ಅಂತಲೇ ಬರೆಯಿರಿ.

ಬೆಂಗಳೂರಿನವರು ಮತ್ತೆ ಬಂದರೆ ಒಟ್ಟು ಆರು ಸಾವಿರಕ್ಕೆ ಒಪ್ಪಬೇಡಿ, ಒಂದೊಂದಕ್ಕೂ ಬೇರೆ ಬೇರೆ ಬೆಲೆ ಕೇಳಿ. ಅವರು ಕಾವಲಿಗೆ ಹೆಚ್ಚು ಬೆಲೆ, 1943ರ ಮಗ್ ಮತ್ತು ಕೆನ್ರಿಕ್‌ಗೆ ಕಡಿಮೆ ಬೆಲೆ ಹೇಳಿದರೆ ಅವರಿಗೆ ಬೇಕಾದದ್ದು ಯಾವುದು ಎಂದು ನಿಮಗೆ ಗೊತ್ತಾಗುತ್ತದೆ. ಅಷ್ಟರೊಳಗೆ ಪಾತ್ರೆಯ ತಳ, ಕಿವಿಯ ಕೆಳಭಾಗ, ಮುಚ್ಚಳದ ಒಳಮೈ ಇವುಗಳ ಓರೆಬೆಳಕಿನ ಫೋಟೋ ತೆಗೆದಿಟ್ಟಿರಿ. ವಜ್ರದ ಗುರುತೋ ನೋಂದಣಿ ಅಂಕಿಯೋ ಕಂಡರೆ ಪಾತ್ರೆಯನ್ನು ಆ ದಿನ ಕೊಡಬೇಡಿ.